ಮೂಲ ರಚನೆ ಸಿದ್ಧಾಂತದ ವಿಮರ್ಶೆ: ಮಿನರ್ವ ಮಿಲ್ಸ್ ತೀರ್ಪಿನಿಂದ ಶುರು ಮಾಡಿ

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ಎಲ್‌ಎಲ್‌ಎಂ ಓದುತ್ತಿದ್ದೇನೆ. ಸಂವಿಧಾನ ಸಿದ್ಧಾಂತದ ಪತ್ರಿಕೆಗೆ ಮೂಲ ರಚನೆಯ ಮೇಲೆ 4000 ಪದಗಳ ವಿಮರ್ಶಾ ಪ್ರಬಂಧ ಬರೆಯಬೇಕು. ಶಂಕರಿ ಪ್ರಸಾದ್‌ನಿಂದ ಹಿಡಿದು ಎನ್‌ಜೆಎಸಿವರೆಗೆ ಎಲ್ಲ ತೀರ್ಪುಗಳನ್ನೂ ಕ್ರಮವಾಗಿ ಬರೆದುಕೊಟ್ಟೆ. "ಇದು ಇತಿಹಾಸ, ವಿಮರ್ಶೆ ಎಲ್ಲಿ?" ಎಂದು ಗೈಡ್ ವಾಪಸ್ ಕೊಟ್ಟರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲ ತೀರ್ಪುಗಳನ್ನೂ ಬಿಟ್ಟು ಒಂದನ್ನೇ ಹಿಡಿಯಿರಿ. 4000 ಪದಗಳಲ್ಲಿ ಹತ್ತು ತೀರ್ಪು ತುಂಬಿಸಿದರೆ ಒಂದೊಂದಕ್ಕೂ 400 ಪದ ಸಿಗುತ್ತದೆ. ಅಷ್ಟರಲ್ಲಿ ತೀರ್ಪಿನ ಸಾರಾಂಶ ಹೇಳಬಹುದೇ ಹೊರತು ಅದರ ತರ್ಕವನ್ನು ಬಿಚ್ಚಿ ನೋಡಲು ಆಗುವುದಿಲ್ಲ. ನಿಮ್ಮ ಗೈಡ್ ಕೇಳುತ್ತಿರುವುದು ಆ ಬಿಚ್ಚುವ ಕೆಲಸವನ್ನು.

ನನ್ನ ಸಲಹೆ 1980ರ ಮಿನರ್ವ ಮಿಲ್ಸ್. ಬೆಂಗಳೂರಿನ ಜವಳಿ ಗಿರಣಿಯೊಂದರಿಂದ ಹುಟ್ಟಿದ ಪ್ರಕರಣ ಎಂಬುದು ಅದಕ್ಕೆ ಕಾರಣವಲ್ಲ. ಸಂವಿಧಾನದ ಮೂಲ ಲಕ್ಷಣಗಳನ್ನು ಸಂಸತ್ತು ತಿದ್ದುಪಡಿಯಿಂದಲೂ ನಾಶ ಮಾಡುವಂತಿಲ್ಲ ಎಂಬ ಈ ಸಿದ್ಧಾಂತ ಬೇಕೋ ಬೇಡವೋ ಎಂಬುದರ ಮೇಲೆಯೇ ಕೇಶವಾನಂದ ಭಾರತಿ ಪ್ರಕರಣದಲ್ಲಿ ನ್ಯಾಯಮೂರ್ತಿಗಳು ಒಡೆದರು. ಮಿನರ್ವದಲ್ಲಿ ಐವರೂ ಸಿದ್ಧಾಂತವನ್ನು ಒಪ್ಪಿಕೊಂಡೇ ಕೂತಿದ್ದರು, ಆದರೂ ಒಂದು ಪ್ರಶ್ನೆಯಲ್ಲಿ ನಾಲ್ವರು ಒಂದು ಕಡೆ, ಪಿ.ಎನ್. ಭಗವತಿ ಇನ್ನೊಂದು ಕಡೆ ಆದರು. ಸಿದ್ಧಾಂತವನ್ನು ಒಪ್ಪಿದವರೇ ಬೇರೆ ಬೇರೆ ಉತ್ತರ ಕೊಟ್ಟರೆ, ಸಿದ್ಧಾಂತದೊಳಗೆ ಏನೋ ನಿರ್ಧಾರವಾಗದೆ ಉಳಿದಿದೆ ಎಂದರ್ಥ. ಆ ಉಳಿದಿರುವುದು ಏನು ಎಂದು ತೋರಿಸಿದರೆ ಅದೇ ನಿಮ್ಮ ವಿಮರ್ಶೆ.

ಬರೆಯಲು ಕೂರುವ ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ತಿದ್ದುಪಡಿಯ ಅಧಿಕಾರಕ್ಕೆ ಮಿತಿ ಎಲ್ಲಿಂದ ಬರುತ್ತದೆ ಎಂಬುದು ಮೊದಲನೆಯದು. ಸಂವಿಧಾನದ ಯಾವ ಲಕ್ಷಣ ಮೂಲ ರಚನೆಗೆ ಸೇರಿದ್ದು ಎಂದು ಗುರುತಿಸುವುದು ಹೇಗೆ ಎಂಬುದು ಎರಡನೆಯದು. ಆ ಲಕ್ಷಣಕ್ಕೆ ಎಷ್ಟು ಪೆಟ್ಟು ಬಿದ್ದರೆ ತಿದ್ದುಪಡಿ ಬಿದ್ದುಹೋಗುತ್ತದೆ ಎಂಬುದು ಮೂರನೆಯದು. ವಿದ್ಯಾರ್ಥಿಗಳ ಪ್ರಬಂಧಗಳು ಸಾಮಾನ್ಯವಾಗಿ ಮೊದಲನೆಯದರಲ್ಲಿ ಮುಳುಗಿ, ಎರಡನೆಯದಕ್ಕೆ ಒಂದು ಪಟ್ಟಿ ಕೊಟ್ಟು, ಮೂರನೆಯದನ್ನು ಮುಟ್ಟದೆ ಮುಗಿಯುತ್ತವೆ. ನ್ಯಾಯಾಲಯವೂ ಹಲವು ಸಲ ಹೀಗೆಯೇ ಮಾಡಿದೆ: ಲಕ್ಷಣದ ಹೆಸರು ಹೇಳುತ್ತದೆ, ತಿದ್ದುಪಡಿ ಅದಕ್ಕೆ ತಾಗುತ್ತದೆ ಎನ್ನುತ್ತದೆ, ಅಲ್ಲಿಂದ ನೇರವಾಗಿ ಅಸಿಂಧು ಎಂಬ ತೀರ್ಮಾನಕ್ಕೆ ಬರುತ್ತದೆ. ತಾಗುವುದಕ್ಕೂ ನಾಶವಾಗುವುದಕ್ಕೂ ನಡುವಿನ ಅಂತರ ಎಷ್ಟು ಎಂಬುದು ಅಲ್ಲೇ ಕಳೆದುಹೋಗುತ್ತದೆ. ನಿಮ್ಮ ಪ್ರಬಂಧ ಆ ಅಂತರದ ಮೇಲೆ ನಿಲ್ಲಲಿ.

ಮೊದಲನೆಯ ಪ್ರಶ್ನೆಗೆ 600 ಪದ ಸಾಕು. ಅಲ್ಲಿ ಎಡವುವ ಜಾಗ ಎರಡು. "ಕೇಶವಾನಂದ ತೀರ್ಪು 7:6 ಬಹುಮತದಲ್ಲಿ ಮೂಲ ರಚನೆಯನ್ನು ಪಟ್ಟಿ ಮಾಡಿತು" ಎಂದು ಬರೆಯುವುದು ಒಂದು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳು 11 ಪ್ರತ್ಯೇಕ ತೀರ್ಪು ಕೊಟ್ಟರು. ಬಹುಮತದ ಕಡೆಯವರು ಉದಾಹರಣೆಯಾಗಿ ಕೊಟ್ಟ ಲಕ್ಷಣಗಳು ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಪೂರ್ತಿ ಹೊಂದುವುದಿಲ್ಲ. ಬಹುಮತದ ಅಭಿಪ್ರಾಯ ಎಂದು ಒಂದು ಸಾರಾಂಶ ಸಿದ್ಧವಾಯಿತು, ಅದಕ್ಕೆ ಒಂಬತ್ತು ಮಂದಿ ಸಹಿ ಹಾಕಿದರು, ರೇ, ಮ್ಯಾಥ್ಯೂ, ಬೇಗ್ ಮತ್ತು ದ್ವಿವೇದಿ ಹಾಕಲಿಲ್ಲ. ಆ ಸಾರಾಂಶದಲ್ಲೂ ಲಕ್ಷಣಗಳ ಪಟ್ಟಿ ಇಲ್ಲ. ಹೀಗಾಗಿ ಎಚ್.ಆರ್. ಖನ್ನಾ ಅವರ ತೀರ್ಪನ್ನು ಬಿಡಿಯಾಗಿ ಓದಲೇಬೇಕು. ತಿದ್ದುಪಡಿಗೆ ಮಿತಿಯಿದೆ ಎಂದ ಆರು ಮಂದಿಯ ಜೊತೆ ಸೇರಿ ಅವರು ಮಿತಿಯನ್ನು ಸ್ಥಾಪಿಸಿದರು. ಮಿತಿಯಿಲ್ಲ ಎಂದ ಆರು ಮಂದಿಯ ಜೊತೆ ಸೇರಿ 31ಸಿ ವಿಧಿಯ ಮೊದಲ ಭಾಗವನ್ನು ಎತ್ತಿಹಿಡಿದರು. ಈ ಎರಡನೆಯ ಸಂಗತಿ ಮಿನರ್ವವನ್ನು ಅರ್ಥಮಾಡಿಕೊಳ್ಳಲು ಬೇಕು, ಗುರುತು ಹಾಕಿಟ್ಟುಕೊಳ್ಳಿ.

ಎಡವುವ ಇನ್ನೊಂದು ಜಾಗ "ಚುನಾಯಿತರಲ್ಲದವರು ಚುನಾಯಿತರನ್ನು ತಡೆಯಬಹುದೇ" ಎಂಬ ವಾದ. ಇದನ್ನು ಬರೆಯಲೇಬೇಕು, ಆದರೆ ಭಾರತದ ದಾಖಲೆಯ ಜೊತೆಗೆ ಬರೆಯಿರಿ. 1978ರಲ್ಲಿ ಜನತಾ ಸರ್ಕಾರ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ 368ನೇ ವಿಧಿಗೆ ಒಂದು ಬದಲಾವಣೆ ಇತ್ತು: ಸಂವಿಧಾನದ ಜಾತ್ಯತೀತ ಅಥವಾ ಪ್ರಜಾಸತ್ತಾತ್ಮಕ ಸ್ವರೂಪ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ ಇವುಗಳಿಗೆ ಧಕ್ಕೆ ತರುವ ತಿದ್ದುಪಡಿಯಾದರೆ ಜನಮತಗಣನೆ ನಡೆಯಬೇಕು ಎಂದು. ಲೋಕಸಭೆ ಒಪ್ಪಿತು, ರಾಜ್ಯಸಭೆ ಆ ಭಾಗವನ್ನು ತೆಗೆದುಹಾಕಿತು. ಉಳಿದದ್ದು 44ನೇ ತಿದ್ದುಪಡಿಯಾಯಿತು. ಅಂದರೆ ಕೊನೆಯ ಮಾತನ್ನು ಜನರಿಗೇ ಒಪ್ಪಿಸುವ ದಾರಿ ಸಂಸತ್ತಿನ ಮುಂದೆ ಇತ್ತು, ಸಂಸತ್ತು ಅದನ್ನು ತೆಗೆದುಕೊಳ್ಳಲಿಲ್ಲ. ನ್ಯಾಯಾಲಯ ಜನರ ಅಧಿಕಾರವನ್ನು ಕಿತ್ತುಕೊಂಡಿತು ಎನ್ನುವವರು ಈ ಸಂಗತಿಗೆ ಉತ್ತರ ಕೊಡಬೇಕಾಗುತ್ತದೆ. ನನ್ನ ಪ್ರಕಾರ ಇದು ಆ ವಾದವನ್ನು ಸುಳ್ಳು ಮಾಡುವುದಿಲ್ಲ, ಅದರ ಬಿರುಸನ್ನು ಕಡಿಮೆ ಮಾಡುತ್ತದೆ.

ಇನ್ನು ಪ್ರಕರಣಕ್ಕೆ ಬನ್ನಿ. ಇದಕ್ಕೆ 1800 ಪದ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರ 1971ರಲ್ಲಿ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯಡಿ ಮಿನರ್ವ ಮಿಲ್ಸ್‌ನ ಆಡಳಿತವನ್ನು ವಹಿಸಿಕೊಂಡಿತು. 1974ರಲ್ಲಿ ರೋಗಗ್ರಸ್ತ ಜವಳಿ ಗಿರಣಿಗಳ ರಾಷ್ಟ್ರೀಕರಣ ಕಾಯ್ದೆ ಗಿರಣಿಯನ್ನೇ ಸ್ವಾಧೀನಕ್ಕೆ ತಂದಿತು. ಆ ಕಾಯ್ದೆಯನ್ನು ಪ್ರಶ್ನಿಸುತ್ತ ಅರ್ಜಿದಾರರು 1976ರ 42ನೇ ತಿದ್ದುಪಡಿಯ ಎರಡು ಸೆಕ್ಷನ್‌ಗಳನ್ನೂ ಪ್ರಶ್ನಿಸಿದರು.

ಸೆಕ್ಷನ್ 55, 368ನೇ ವಿಧಿಗೆ (4) ಮತ್ತು (5) ಎಂಬ ಎರಡು ಉಪವಿಧಿಗಳನ್ನು ಸೇರಿಸಿತ್ತು. ತಿದ್ದುಪಡಿಯನ್ನು ಯಾವ ನ್ಯಾಯಾಲಯದಲ್ಲೂ ಯಾವ ಕಾರಣಕ್ಕೂ ಪ್ರಶ್ನಿಸಕೂಡದು, ಸಂಸತ್ತಿನ ಸಂವಿಧಾನ ರಚನಾಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂಬುದು ಅವುಗಳ ತಾತ್ಪರ್ಯ. ಇದರಲ್ಲಿ ಭಗವತಿಯವರೂ ಸೇರಿ ಐವರೂ ಒಂದೇ ಮಾತು ಹೇಳಿದರು: ಮಿತಿಯುಳ್ಳ ಅಧಿಕಾರವನ್ನು ಪಡೆದವರು ಅದೇ ಅಧಿಕಾರವನ್ನು ಬಳಸಿ ಅದನ್ನು ಮಿತಿಯಿಲ್ಲದ್ದಾಗಿ ಮಾಡಿಕೊಳ್ಳಲು ಬರುವುದಿಲ್ಲ. ಮೇಲೆ ಹೇಳಿದ ಮೂರನೆಯ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಿ. ಮಿತಿ ಪೂರ್ತಿ ಹೋಗುತ್ತದೆ, ಪರಿಶೀಲನೆಯೂ ಪೂರ್ತಿ ಹೋಗುತ್ತದೆ. ಪೆಟ್ಟು ಎಷ್ಟು ಎಂದು ಅಳೆಯುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಇದರ ಮೇಲೆ ಒಂದು ಪ್ಯಾರಾ ಬರೆದು ಮುಂದೆ ಹೋಗಿ.

ಸೆಕ್ಷನ್ 4ರಲ್ಲಿ ಕಷ್ಟ ಶುರುವಾಗುತ್ತದೆ. 31ಸಿ ವಿಧಿ 1971ರಲ್ಲಿ 25ನೇ ತಿದ್ದುಪಡಿಯಿಂದ ಬಂದಾಗ ಹೇಳಿದ್ದು ಇಷ್ಟು: 39ನೇ ವಿಧಿಯ (ಬಿ) ಮತ್ತು (ಸಿ) ಖಂಡಗಳ ಗುರಿಗಾಗಿ, ಅಂದರೆ ಸಮುದಾಯದ ಭೌತಿಕ ಸಂಪನ್ಮೂಲಗಳನ್ನು ಎಲ್ಲರ ಒಳಿತಿಗೆ ಹಂಚಲು ಮತ್ತು ಸಂಪತ್ತು ಕೆಲವರಲ್ಲೇ ಕೇಂದ್ರೀಕರಣವಾಗುವುದನ್ನು ತಡೆಯಲು ಮಾಡಿದ ಕಾನೂನನ್ನು 14, 19 ಮತ್ತು 31ನೇ ವಿಧಿಗಳ ಆಧಾರದ ಮೇಲೆ ರದ್ದು ಮಾಡುವಂತಿಲ್ಲ. ಕೇಶವಾನಂದದಲ್ಲಿ ಖನ್ನಾ ಎತ್ತಿಹಿಡಿದ ಮೊದಲ ಭಾಗ ಇದೇ. ಕಾನೂನು ಆ ಗುರಿಗಾಗಿಯೇ ಇದೆ ಎಂದು ಶಾಸಕಾಂಗ ಘೋಷಿಸಿದರೆ ನ್ಯಾಯಾಲಯ ಪ್ರಶ್ನಿಸಬಾರದು ಎಂಬ ಎರಡನೆಯ ಭಾಗ ಅಲ್ಲೇ ಬಿದ್ದುಹೋಯಿತು. 42ನೇ ತಿದ್ದುಪಡಿ ಎರಡು ಖಂಡಗಳ ಜಾಗದಲ್ಲಿ ನಾಲ್ಕನೇ ಭಾಗದ ಎಲ್ಲ ತತ್ವಗಳನ್ನೂ, ಅಂದರೆ ರಾಜ್ಯ ನೀತಿಯ ನಿರ್ದೇಶಕ ತತ್ವಗಳೆಲ್ಲವನ್ನೂ ತಂದು ಕೂರಿಸಿತು.

ವೈ.ವಿ. ಚಂದ್ರಚೂಡ್ ಬರೆದ ಬಹುಮತದ ತೀರ್ಪು ಇದನ್ನು ರದ್ದು ಮಾಡಿತು. ಆ ತೀರ್ಪನ್ನು ನಿಧಾನವಾಗಿ ಓದಿದರೆ ಅದರೊಳಗೆ ಎರಡು ಬೇರೆ ಬೇರೆ ವಾದಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಮೊದಲನೆಯದು ಸಮತೋಲನದ ವಾದ: ಮೂಲಭೂತ ಹಕ್ಕುಗಳ ಮತ್ತು ನಿರ್ದೇಶಕ ತತ್ವಗಳ ನಡುವಿನ ಸಾಮರಸ್ಯವೇ ಮೂಲ ರಚನೆಯ ಲಕ್ಷಣ, ಒಂದಕ್ಕೆ ಇನ್ನೊಂದರ ಮೇಲೆ ಪೂರ್ಣ ಮೇಲುಗೈ ಕೊಟ್ಟರೆ ಅದು ಕೆಡುತ್ತದೆ. ಎರಡನೆಯದು ವ್ಯಾಪ್ತಿಯ ವಾದ: ಶಾಸನಗಳಲ್ಲಿ ಬಹುಪಾಲನ್ನು ಯಾವುದಾದರೊಂದು ನಿರ್ದೇಶಕ ತತ್ವಕ್ಕೆ ಹೊಂದಿಸಬಹುದು, ಹಾಗಾದರೆ 14 ಮತ್ತು 19ನೇ ವಿಧಿಗಳ ರಕ್ಷಣೆ ಬಹುಪಾಲು ಶಾಸನಗಳ ಎದುರು ಇಲ್ಲದಂತಾಗುತ್ತದೆ. ತೀರ್ಪು ಈ ಎರಡನ್ನೂ ಒಂದೇ ಎಂಬಂತೆ ಬಳಸುತ್ತದೆ. ಅವು ಒಂದಲ್ಲ.

ನಿಮ್ಮ ಪ್ರಬಂಧದ ತಿರುಳು ಇಲ್ಲಿದೆ. ಸಮತೋಲನದ ವಾದ ನಿಜವಾಗಿದ್ದರೆ 1971ರ ಮೂಲ 31ಸಿ ಕೂಡ ಬೀಳಬೇಕಿತ್ತು. ಅಲ್ಲೂ ಎರಡು ನಿರ್ದೇಶಕ ತತ್ವಗಳಿಗೆ ಮೂರು ಮೂಲಭೂತ ಹಕ್ಕುಗಳ ಮೇಲೆ ಪೂರ್ಣ ಮೇಲುಗೈ ಇತ್ತು. ಆದರೆ ಕೇಶವಾನಂದ ಅದನ್ನು ಉಳಿಸಿತು, ಚಂದ್ರಚೂಡ್ ಅವರೇ ವಾಮನ ರಾವ್ ಪ್ರಕರಣದಲ್ಲಿ ಅದನ್ನು ಮತ್ತೆ ಎತ್ತಿಹಿಡಿದರು. 39ನೇ ವಿಧಿಯ (ಬಿ), (ಸಿ) ಗುರಿಗಳಿಗಾಗಿ ಪ್ರಾಮಾಣಿಕವಾಗಿ ಮಾಡಿದ ಕಾನೂನು ಮೂಲ ರಚನೆಯನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ ಎಂಬುದು ಅವರ ಅಲ್ಲಿನ ನಿಲುವು. ಸಮತೋಲನವೆಂಬ ಲಕ್ಷಣ ಮಾತ್ರ ನಮ್ಮ ಕೈಯಲ್ಲಿದ್ದರೆ ಎರಡು ತತ್ವಗಳಿಗೆ ಸರಿ, ಎಲ್ಲ ತತ್ವಗಳಿಗೆ ತಪ್ಪು ಎಂದು ಹೇಳಲು ಆಧಾರವೇ ಇಲ್ಲ. ವ್ಯಾಪ್ತಿಯ ವಾದದಲ್ಲಿ ಆಧಾರವಿದೆ: ಅಲ್ಲಿ ವಿನಾಯಿತಿ ಕಿರಿದು, ಇಲ್ಲಿ ವಿನಾಯಿತಿಯೇ ನಿಯಮವನ್ನು ನುಂಗುವಷ್ಟು ಹಿರಿದು. ಆದ್ದರಿಂದ ನಿಮ್ಮ ಪ್ರತಿಪಾದನೆಯನ್ನು ಒಂದೇ ವಾಕ್ಯದಲ್ಲಿ ಹೀಗೆ ಬರೆಯಬಹುದು: ಮಿನರ್ವದ ತೀರ್ಮಾನವನ್ನು ವ್ಯಾಪ್ತಿಯ ನೆಲೆಯಲ್ಲಿ ಸಮರ್ಥಿಸಬಹುದು, ಸಮತೋಲನದ ನೆಲೆಯಲ್ಲಿ ಸಮರ್ಥಿಸಲಾಗದು, ಈ ಎರಡನ್ನು ಬೇರ್ಪಡಿಸದೆ ಹೋದದ್ದರಿಂದ ಸಿದ್ಧಾಂತಕ್ಕೆ ಪೆಟ್ಟನ್ನು ಅಳೆಯುವ ಮಾನದಂಡ ದಕ್ಕಲಿಲ್ಲ. ಈ ವಾಕ್ಯ ಮೊದಲ ಪುಟದಲ್ಲೇ ಬರಲಿ. ಪರೀಕ್ಷಕರು ಅದನ್ನು ಐದನೇ ಪುಟದಲ್ಲಿ ಹುಡುಕುವಂತೆ ಮಾಡಬೇಡಿ.

ಭಗವತಿಯವರ ಭಿನ್ನ ತೀರ್ಪನ್ನು "ಬಡವರ ಪರವಾದ ಮಾತು" ಎಂದು ಹೊಗಳಿ ಮುಗಿಸುವುದು ಸಾಮಾನ್ಯ. ಅದರ ಕಾನೂನಿನ ವಾದ ಅದಕ್ಕಿಂತ ಗಟ್ಟಿ. ಅವರು ಹೇಳಿದ್ದು: ನ್ಯಾಯಾಲಯದ ಪರಿಶೀಲನೆ ಹೋಗಿಲ್ಲ, ಅದರ ಜಾಗ ಬದಲಾಗಿದೆ. ಕಾನೂನಿಗೂ ನಿರ್ದೇಶಕ ತತ್ವಕ್ಕೂ ನಿಜವಾದ, ಗಣನೀಯವಾದ ಸಂಬಂಧ ಇದೆಯೇ ಎಂದು ನ್ಯಾಯಾಲಯ ನೋಡುತ್ತದೆ. ಕಾನೂನಿನ ಪ್ರಧಾನ ಉದ್ದೇಶಕ್ಕೆ ಅಗತ್ಯವಾಗಿ ಅಂಟಿಕೊಂಡಿರದ ಅಂಶಗಳಿಗೆ 31ಸಿ ರಕ್ಷಣೆ ಸಿಗುವುದಿಲ್ಲ. ಇದನ್ನು ಒಪ್ಪಿದರೆ ಬಹುಮತದ ವ್ಯಾಪ್ತಿಯ ವಾದ ಅಲುಗಾಡುತ್ತದೆ, ಏಕೆಂದರೆ ಹೆಸರಿಗೆ ಮಾತ್ರ ನಿರ್ದೇಶಕ ತತ್ವವನ್ನು ಹೇಳಿಕೊಳ್ಳುವ ಕಾನೂನುಗಳು ಬಾಗಿಲಲ್ಲೇ ತಡೆಯಲ್ಪಡುತ್ತವೆ. ಬಹುಮತದ ತೀರ್ಪು ಇದಕ್ಕೆ ತೃಪ್ತಿಕರ ಉತ್ತರ ಕೊಟ್ಟಿಲ್ಲ ಎಂಬುದು ನನ್ನ ಓದು. ನೀವು ಬಹುಮತವನ್ನು ಸಮರ್ಥಿಸುವುದಾದರೆ ಉತ್ತರವನ್ನು ನೀವೇ ಕಟ್ಟಿಕೊಡಬೇಕು. ಒಂದು ಸಾಧ್ಯತೆ ಇದು: ನಾಲ್ಕನೇ ಭಾಗದ ತತ್ವಗಳಲ್ಲಿ ಕೆಲವು ತೀರ ಸಾಮಾನ್ಯ ಮಾತುಗಳು. ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯವಿರುವ ಸಾಮಾಜಿಕ ವ್ಯವಸ್ಥೆಯನ್ನು ರಾಜ್ಯ ಪೋಷಿಸಬೇಕು ಎನ್ನುವ 38ನೇ ವಿಧಿಯನ್ನೇ ನೋಡಿ. ಅಷ್ಟು ಅಗಲವಾದ ತತ್ವದ ಜೊತೆ ನಿಜವಾದ ಸಂಬಂಧವಿಲ್ಲದ ಕಾನೂನನ್ನು ತೋರಿಸುವುದೇ ಕಷ್ಟ. ಪರೀಕ್ಷೆ ಎಷ್ಟೇ ಬಿಗಿಯಾಗಿದ್ದರೂ ಅಳೆಯುವ ವಸ್ತುವಿಗೆ ಅಂಚಿಲ್ಲದಿದ್ದರೆ ಅಳತೆ ನಡೆಯುವುದಿಲ್ಲ.

ತೀರ್ಪಿನ ಇನ್ನೊಂದು ದೌರ್ಬಲ್ಯವನ್ನೂ ಬರೆಯಿರಿ, ಅದನ್ನು ಬಹಳ ವಿದ್ಯಾರ್ಥಿಗಳು ನೋಡುವುದೇ ಇಲ್ಲ. ಪ್ರಶ್ನೆಗೆ ಒಳಗಾದ ರಾಷ್ಟ್ರೀಕರಣ ಕಾಯ್ದೆ 1974ರದ್ದು, ಹಿಗ್ಗಿಸಿದ 31ಸಿ 1976ರ ತಿದ್ದುಪಡಿಯದ್ದು. ಹಾಗಿದ್ದರೆ ಸೆಕ್ಷನ್ 4ರ ಸಿಂಧುತ್ವವನ್ನು ಆ ಪ್ರಕರಣದಲ್ಲಿ ನಿರ್ಧರಿಸುವ ಅಗತ್ಯ ಇತ್ತೇ? ಪ್ರಶ್ನೆ ಬರಿಯ ಶೈಕ್ಷಣಿಕ ಎಂದು ಸರ್ಕಾರದ ಪರವಾಗಿ ಆಕ್ಷೇಪ ಬಂದಿತ್ತು, ಬಹುಮತ ಅದನ್ನು ತಳ್ಳಿಹಾಕಿತು. 1982ರ ಸಂಜೀವ್ ಕೋಕ್ ಪ್ರಕರಣದಲ್ಲಿ ಒ. ಚಿನ್ನಪ್ಪ ರೆಡ್ಡಿ ಇದನ್ನು ಹಿಡಿದು ಮಿನರ್ವದ ಆ ಭಾಗದ ಬಗ್ಗೆ ಅನುಮಾನ ವ್ಯಕ್ತಪಡಿಸಿದರು. ಕಾಯ್ದೆಯ ಸಿಂಧುತ್ವ ತೀರ್ಮಾನವಾದದ್ದು 1986ರ ಪ್ರತ್ಯೇಕ ತೀರ್ಪಿನಲ್ಲಿ, ಅಲ್ಲಿ ರಾಷ್ಟ್ರೀಕರಣ ಊರ್ಜಿತವಾಯಿತು. ಸೆಕ್ಷನ್ 4 ಕುರಿತ ಮಾತು ತೀರ್ಪಿನ ರೇಷಿಯೋ ಹೌದೇ, ಒಬಿಟರ್ ಮಾತ್ರವೇ ಎಂಬ ಪ್ರಶ್ನೆಯನ್ನು ಒಂದು ಪ್ಯಾರಾದಲ್ಲಿ ಎತ್ತಿ, ನಿಮ್ಮ ನಿಲುವು ಹೇಳಿ. ಸುಮ್ಮನೆ ದಾಟಿಹೋದರೆ ಮೌಖಿಕ ಪರೀಕ್ಷೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ ಆಗುತ್ತದೆ.

ಆಕ್ಷೇಪಗಳಿಗೆ 800 ಪದ ಇಡಿ, ಅದರಲ್ಲಿ ಹೆಚ್ಚಿನ ಪಾಲು ನಿಮ್ಮ ಸ್ವಂತ ಪ್ರತಿಪಾದನೆಯ ವಿರುದ್ಧ ಹೋಗಲಿ. ಬಲವಾದ ಆಕ್ಷೇಪ ಹೀಗಿದೆ: 39(ಬಿ) ಕಿರಿದು ಎಂದು ಯಾರು ಹೇಳಿದರು? ಇದಕ್ಕೆ ಕರ್ನಾಟಕದ್ದೇ ಪ್ರಕರಣ ಸಿಗುತ್ತದೆ. ಖಾಸಗಿ ಬಸ್ಸುಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡ ರಾಜ್ಯದ ಕಾನೂನನ್ನು 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳು ಎತ್ತಿಹಿಡಿದರು. ಅಲ್ಲಿ ವಿ.ಆರ್. ಕೃಷ್ಣ ಅಯ್ಯರ್, ತಮ್ಮ ಮತ್ತು ಇನ್ನಿಬ್ಬರ ಪರವಾಗಿ, ಸಮುದಾಯದ ಭೌತಿಕ ಸಂಪನ್ಮೂಲ ಎಂದರೆ ಖಾಸಗಿ ಆಸ್ತಿಯೂ ಸೇರಿ ಎಲ್ಲವೂ ಎಂಬ ಅಗಲವಾದ ಅರ್ಥ ಕೊಟ್ಟರು. ಉಳಿದ ನಾಲ್ವರು ಆ ಅರ್ಥವನ್ನು ತಾವು ಒಪ್ಪಿದ್ದೇವೆಂದು ತಿಳಿಯಬಾರದು ಎಂದು ಸ್ಪಷ್ಟವಾಗಿ ಹೇಳಿದರು. ಆದರೂ ಸಂಜೀವ್ ಕೋಕ್ ಆ ಅಲ್ಪಮತದ ಅರ್ಥವನ್ನೇ ಹಿಡಿಯಿತು. ಆ ಅರ್ಥದಲ್ಲಿ 39(ಬಿ) ಒಂದೇ ಸಾಕು, ಆರ್ಥಿಕ ಶಾಸನಗಳ ದೊಡ್ಡ ಪಾಲು ಒಳಗೆ ಬರುತ್ತದೆ. ಆಗ ವ್ಯಾಪ್ತಿಯ ನೆಲೆಯಲ್ಲಿ ಮೂಲ 31ಸಿಯನ್ನೂ ಉಳಿಸುವುದು ಕಷ್ಟ.

ಇಲ್ಲಿ 2024ರ ನವೆಂಬರ್ 5ರ ತೀರ್ಪು ನಿಮ್ಮ ನೆರವಿಗೆ ಬರುತ್ತದೆ. ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎರಡು ಸಂಗತಿ ನಿರ್ಧರಿಸಿತು. ಸೆಕ್ಷನ್ 4 ಹಳೆಯ ಪದಗಳನ್ನು ತೆಗೆದು ಹೊಸ ಪದಗಳನ್ನು ಹಾಕಿತ್ತು. ಹೊಸವು ಅಸಿಂಧುವಾದ ಮೇಲೆ ಹಳೆಯವು ಉಳಿದವೇ, ಅಥವಾ 31ಸಿಯೇ ಖಾಲಿಯಾಯಿತೇ? ತೆಗೆಯುವುದು ಮತ್ತು ಹಾಕುವುದು ಒಂದೇ ಕ್ರಿಯೆಯ ಎರಡು ಮುಖ, ಹಾಕಿದ್ದು ಬಿದ್ದರೆ ತೆಗೆದದ್ದೂ ಬೀಳುತ್ತದೆ, ಹಾಗಾಗಿ ಕೇಶವಾನಂದ ಎತ್ತಿಹಿಡಿದಷ್ಟು 31ಸಿ ಜಾರಿಯಲ್ಲಿದೆ ಎಂದು ಪೀಠ ಹೇಳಿತು. ಎರಡನೆಯದು 39(ಬಿ)ಯ ಅರ್ಥ. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಲ್ಲ, ಕೆಲವು ಮಾತ್ರ ಆಗಬಹುದು. ಆಸ್ತಿಯ ಸ್ವಭಾವ, ಸಮುದಾಯದ ಯೋಗಕ್ಷೇಮದ ಮೇಲೆ ಅದರ ಪರಿಣಾಮ, ಅದರ ಅಭಾವ, ಖಾಸಗಿ ಕೈಗಳಲ್ಲಿ ಅದು ಕೇಂದ್ರೀಕರಣವಾದರೆ ಆಗುವುದೇನು ಎಂಬುದನ್ನು ನೋಡಿ ಒಂದೊಂದನ್ನೂ ನಿರ್ಧರಿಸಬೇಕು ಎಂದು ಬಹುಮತ ಹೇಳಿತು. ಸುಧಾಂಶು ಧುಲಿಯಾ ಈ ಎರಡನೆಯದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು.

ಈ ಎರಡು ಉತ್ತರಗಳನ್ನು ಜೋಡಿಸಿ ಓದಿ. ಬಾಗಿಲು ಕಿರಿದಾಗಿದೆ, ಬಾಗಿಲು ಉಳಿದಿದೆ. ವ್ಯಾಪ್ತಿಯ ನೆಲೆಯಲ್ಲಿ ನೋಡಿದರೆ ಇವು ಒಂದಕ್ಕೊಂದು ಒತ್ತಾಸೆಯಾಗುತ್ತವೆ: ಕಿರಿದಾಗಿರುವುದರಿಂದಲೇ ಉಳಿಯಬಹುದು. ಪೀಠ ಈ ಎರಡನ್ನು ಬೇರೆ ಬೇರೆ ವಿಚಾರಗಳಾಗಿಯೇ ನಿರ್ಧರಿಸಿತು, ಅವುಗಳ ನಡುವಿನ ನಂಟನ್ನು ತೋರಿಸುವ ಕೆಲಸ ನಿಮ್ಮದು, ಪ್ರಬಂಧದಲ್ಲಿ ಸ್ವಂತದ್ದು ಎನ್ನಬಹುದಾದ ಭಾಗವೂ ಅದೇ. ಜೊತೆಗೆ ಉಳಿಯುವ ತೊಡಕನ್ನೂ ಮುಚ್ಚಿಡಬೇಡಿ: ಒಂದು ತಿದ್ದುಪಡಿಯ ಸಿಂಧುತ್ವ ಬೇರೊಂದು ವಿಧಿಗೆ ನ್ಯಾಯಾಲಯ ಆಯಾ ಕಾಲಕ್ಕೆ ಕೊಡುವ ಅರ್ಥದ ಮೇಲೆ ನಿಂತರೆ, 1982ರಿಂದ 2024ರವರೆಗೆ ಮೂಲ 31ಸಿಯ ಸ್ಥಿತಿ ಏನಾಗಿತ್ತು? ಪೆಟ್ಟಿನ ಅಳತೆ ಸಂವಿಧಾನದ ಪಠ್ಯದಲ್ಲಿದೆಯೇ, ಅದರ ವ್ಯಾಖ್ಯಾನದಲ್ಲಿದೆಯೇ? ಕೊನೆಯ 500 ಪದಗಳನ್ನು ಈ ಪ್ರಶ್ನೆಗೆ ಕೊಡಿ. ಬೇಕಾದರೆ 2006ರ ಎಂ. ನಾಗರಾಜ್ ತೀರ್ಪಿನ ವ್ಯಾಪ್ತಿ ಪರೀಕ್ಷೆ ಮತ್ತು ಗುರುತಿನ ಪರೀಕ್ಷೆಯನ್ನು ಇಲ್ಲಿ ತನ್ನಿ, ಮೂರನೆಯ ಪ್ರಶ್ನೆಗೆ ನ್ಯಾಯಾಲಯವೇ ಉಪಕರಣ ಹುಡುಕಿದ ಪ್ರಯತ್ನ ಅದು. ಬೇರೆ ತೀರ್ಪುಗಳನ್ನು ತರಬೇಡಿ. ಎನ್‌ಜೆಎಸಿ ನಿಮ್ಮ ವಾದಕ್ಕೆ ಬೇಕಿಲ್ಲ, ಬಿಡಿ. ಉಳಿದ 300 ಪದ ಪೀಠಿಕೆಗೆ.

ಒಪ್ಪಿಸುವ ಮೊದಲು ಎರಡು ಕಡೆ ಕಣ್ಣಾಡಿಸಿ. ಸಾಮಾನ್ಯ ಶಾಸನವೊಂದನ್ನು ಮೂಲ ರಚನೆಗೆ ವಿರುದ್ಧ ಎಂದು ರದ್ದು ಮಾಡಬಹುದು ಎಂಬ ವಾಕ್ಯ ಎಲ್ಲಾದರೂ ನುಸುಳಿದ್ದರೆ ತೆಗೆಯಿರಿ. ಆ ಪರೀಕ್ಷೆ ಸಂವಿಧಾನ ತಿದ್ದುಪಡಿಗಳಿಗೆ, ಸಾಮಾನ್ಯ ಶಾಸನ ಬೀಳುವುದು ಶಾಸಕಾಂಗಕ್ಕೆ ಅಧಿಕಾರವಿಲ್ಲದಿದ್ದಾಗ ಅಥವಾ ಸಂವಿಧಾನದ ಯಾವುದಾದರೂ ವಿಧಿಯನ್ನು ಉಲ್ಲಂಘಿಸಿದಾಗ ಎಂದು 2006ರ ಕುಲದೀಪ್ ನಯ್ಯರ್ ತೀರ್ಪಿನಲ್ಲೂ 2024ರ ಅಂಜುಂ ಕಾದರಿ ತೀರ್ಪಿನಲ್ಲೂ ಹೇಳಲಾಗಿದೆ. ಇನ್ನೊಂದು, 31ಸಿ ಮತ್ತು 368ನೇ ವಿಧಿಯನ್ನು ಸಂವಿಧಾನದ ಪ್ರತಿಯಿಂದ ನೇರವಾಗಿ ಉದ್ಧರಿಸಿದ್ದರೆ ಪುಟದ ಕೆಳಗಿನ ಅಡಿಟಿಪ್ಪಣಿ ನೋಡಿ. ರದ್ದಾದ ಪದಗಳು ಸಂವಿಧಾನದ ಅಧಿಕೃತ ಮುದ್ರಣದಲ್ಲಿ ಇಂದಿಗೂ ಹಾಗೆಯೇ ಇವೆ, ಅವು ಅಸಿಂಧು ಎಂದು ತಿಳಿಯುವುದು ಆ ಸಣ್ಣ ಅಕ್ಷರಗಳಿಂದಲೇ.